ಟೈಲ್ಸ್ ಕೂರಿಸುವ ಮುಂಚೆ ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್: ಪೈಪು ಮತ್ತು ನಹಾನಿ ಟ್ರಾಪಿನ ಸುತ್ತ ಸೋರದಂತೆ ಮಾಡುವ ಕ್ರಮ

ಮೇಲ್ಮಹಡಿಯ ಬಾತ್‌ರೂಮಿನಿಂದ ಕೆಳಮನೆಯ ಸೂರಿಗೆ ತೇವ ಇಳಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಟೈಲ್ಸ್ ಸಂದಿಗೆ ಮತ್ತೊಮ್ಮೆ ಗ್ರೌಟ್ ತುಂಬಿಸುವುದು. ಸ್ವಲ್ಪ ದಿನ ನಿಂತಂತೆ ಕಾಣುತ್ತದೆ, ಆಮೇಲೆ ಅದೇ ಜಾಗದಲ್ಲಿ ಬಣ್ಣ ಮತ್ತೆ ಉಬ್ಬುತ್ತದೆ. ಟೈಲ್ಸಾಗಲಿ ಗ್ರೌಟಾಗಲಿ ನೀರನ್ನು ಪೂರ್ತಿ ತಡೆಯುವುದಿಲ್ಲ. ದಿನಾ ಸ್ನಾನ ಮಾಡುವ ಮನೆಯಲ್ಲಿ ಟೈಲ್ಸ್ ಕೆಳಗಿನ ಗಾರೆ ಒಂದಿಷ್ಟು ಒದ್ದೆಯಾಗಿಯೇ ಇರುತ್ತದೆ. ಹಾಗೆ ಒಳಗಿಳಿದ ನೀರು, ಟೈಲ್ಸ್ ಕೆಳಗೆ ಬಳಿಯುವ ವಾಟರ್‌ಪ್ರೂಫಿಂಗ್ ಕೋಟಿಂಗಿನ ಮೇಲೇ ನಿಂತು, ಅಲ್ಲಿಂದಲೇ ಮೋರಿಗೆ ಹೋಗುವಂತೆ ದಾರಿ ಮಾಡಿದ್ದೀರಾ ಎಂಬುದನ್ನು ನೋಡಬೇಕು. ಹೆಚ್ಚಿನ ಕಡೆ ಕೋಟಿಂಗ್ ನೆಲದ ನಡುವೆ ಕೈಕೊಡುವುದಿಲ್ಲ. ಪೈಪು ಗೋಡೆ ದಾಟುವ ತೂತಿನಲ್ಲಿ ಮತ್ತು ನೆಲದ ನೀರು ಇಳಿದುಹೋಗುವ ನಹಾನಿ ಟ್ರಾಪಿನ ಕುತ್ತಿಗೆಯಲ್ಲಿ ಕೈಕೊಡುತ್ತದೆ. ಹಾಗಾಗಿ ಈ ಲೇಖನದ ಬಹುಪಾಲು ಆ ಎರಡು ಜಾಗಗಳ ಬಗ್ಗೆಯೇ.

ಲೆಕ್ಕಕ್ಕೆ ತುಮಕೂರಿನ ಕ್ಯಾತ್ಸಂದ್ರ ಕಡೆಯ ಒಂದು ಮನೆಯ ಮೊದಲ ಮಹಡಿ ಬಾತ್‌ರೂಮನ್ನು ಇಟ್ಟುಕೊಳ್ಳೋಣ. ಅಳತೆ 5 ಅಡಿ, 7 ಅಡಿ. ಮೋಲ್ಡನ್ನು 8 ಇಂಚು ತಗ್ಗಿಸಿದ ಸಂಕನ್ ಸ್ಲ್ಯಾಬ್. ಕಮೋಡಿನ 4 ಇಂಚಿನ ಪೈಪು, ಟ್ರಾಪಿನ 3 ಇಂಚಿನ ಪೈಪು ಎರಡೂ ಸಂಕನ್ನಿನ ಪಕ್ಕದ ಗೋಡೆಯ ಮೂಲಕ ಹೊರಗಿನ ಲೈನಿಗೆ ಹೋಗುತ್ತವೆ. ನಮ್ಮ ಕಡೆ ಈಚೆಗೆ ಕಟ್ಟಿದ ಮನೆಗಳಲ್ಲಿ ಬಹಳ ಕಡೆ ಇದೇ ಮಾದರಿ. ಕಲ್ಲು ಚಪ್ಪಡಿ ಹಾಸಿದ ಹಳೆ ಮನೆಯ ಮಾಳಿಗೆ ಮೇಲೆ ಬಾತ್‌ರೂಮ್ ಕಟ್ಟಿದ್ದರೆ ಈ ಕ್ರಮ ಹಾಗೆಯೇ ಹೊಂದುವುದಿಲ್ಲ. ಚಪ್ಪಡಿಗಳ ಸಂದಿ ಅಲುಗುತ್ತಿರುತ್ತದೆ, ಕೋಟಿಂಗ್ ಅಲ್ಲಿ ಸೀಳುತ್ತದೆ. ಮೊದಲು ಅದರ ಮೇಲೆ ಕಂಬಿ ಕಟ್ಟಿದ ಕಾಂಕ್ರೀಟ್ ಬೇಕಾ, ಆ ಭಾರವನ್ನು ಚಪ್ಪಡಿ ತಡೆಯುತ್ತದಾ ಎಂದು ಎಂಜಿನಿಯರ್ ಒಬ್ಬರು ನೋಡಿ ಹೇಳಬೇಕು.

## ಒಡೆಯುವ ಮುಂಚೆ: ಸೋರುತ್ತಿರುವುದು ನೆಲವೋ, ನಲ್ಲಿ ಪೈಪೋ?

ಹಳೆ ಬಾತ್‌ರೂಮ್ ಸೋರುತ್ತಿದ್ದರೆ ಉಳಿ ಹಿಡಿಯುವ ಮುಂಚೆ ಎರಡು ದಿನ ಅದನ್ನು ಬಳಸಬೇಡಿ. ನಲ್ಲಿ ಲೈನಿನ ವಾಲ್ವ್ ಮಾತ್ರ ತೆರೆದೇ ಇರಲಿ. ಯಾರೂ ಸ್ನಾನ ಮಾಡದಿದ್ದರೂ ಕೆಳಗಿನ ಕಲೆ ಒದ್ದೆಯಾಗಿಯೇ ಉಳಿದರೆ ಗೋಡೆಯೊಳಗಿನ ನೀರಿನ ಪೈಪನ್ನು ಅನುಮಾನಿಸಿ. ಹಾಗಿದ್ದಾಗ ನೆಲಕ್ಕೆ ಎಷ್ಟು ಕೋಟಿಂಗ್ ಬಳಿದರೂ ಸೋರುವುದು ನಿಲ್ಲದು. ಕಲೆ ನಿಧಾನಕ್ಕೆ ಒಣಗುತ್ತಾ ಬಂದರೆ ಹೊರಹೋಗುವ ನೀರಿನ ಕಡೆ ನೋಡಿ. ಟ್ರಾಪಿನ ನೇರ ಕೆಳಗೆ ದುಂಡಗೆ ಕಲೆಯಿದ್ದರೆ ಟ್ರಾಪಿನ ಕುತ್ತಿಗೆ, ಗೋಡೆಗುಂಟ ಪಟ್ಟಿಯಂತಿದ್ದರೆ ಮೂಲೆ ಅಥವಾ ಪೈಪು ದಾಟುವ ತೂತು. ನೀರು ಮೋಲ್ಡಿನೊಳಗೆ ಹರಿದು ದೂರದಲ್ಲಿ ತೊಟ್ಟಿಕ್ಕುವುದೂ ಉಂಟು, ಆದ್ದರಿಂದ ಈ ಗುರುತುಗಳು ಸುಳಿವು ಮಾತ್ರ.

ನಮ್ಮ ಬೋರ್‌ವೆಲ್ ನೀರಿನದು ಇನ್ನೊಂದು ಸಮಸ್ಯೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಗಡಸು ನೀರು ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಆಸಿಡ್ ಸುರಿದು ಉಜ್ಜುತ್ತಾರೆ. ಆಸಿಡ್ ಸಿಮೆಂಟ್ ಗ್ರೌಟನ್ನೇ ಕರಗಿಸುತ್ತದೆ. ಸಂದಿಗಳು ಕಡ್ಡಿಯಿಂದ ಕೆರೆದ ಹಾಗೆ ಒಳಕ್ಕೆ ಸರಿದಿದ್ದರೆ ಗ್ರೌಟ್ ಹೋದದ್ದು ಹೀಗೆಯೇ. ಒಳಗಿನ ಕೋಟಿಂಗ್ ಸರಿಯಿದ್ದಿದ್ದರೆ ಅಷ್ಟಾದರೂ ಕೆಳಮನೆ ಒಣಗಿಯೇ ಇರುತ್ತಿತ್ತು ಎಂಬುದೂ ನೆನಪಿರಲಿ.

## ಏನೇನು ಬೇಕು

ಉಳಿ, ಸುತ್ತಿಗೆ, ತಂತಿ ಬ್ರಷ್, ಉಪ್ಪುಕಾಗದ, ಟ್ಯೂಬ್ ಲೆವೆಲ್, 4 ಇಂಚಿನ ಬ್ರಷ್, ಕಲಸುವ ರಾಡ್ ಹಾಕಿದ ನಿಧಾನ ವೇಗದ ಡ್ರಿಲ್. ಸಾಮಾನಿನಲ್ಲಿ ಕುಗ್ಗದ ಗ್ರೌಟ್ ಚೀಲ (ಅಂಗಡಿಯಲ್ಲಿ ನಾನ್-ಶ್ರಿಂಕ್ ಎಂದು ಕೇಳಿ), ಪಿಯು ಸೀಲಂಟ್ ಟ್ಯೂಬು, ಫೈಬರ್ ಜಾಲರಿ ಪಟ್ಟಿ, ಪೈಪಿನ ಅಳತೆಯ ರಬ್ಬರ್ ಟೆಸ್ಟ್ ಪ್ಲಗ್, ಮತ್ತು ಪುಡಿ-ದ್ರಾವಣ ಎರಡೂ ಜೊತೆಗೆ ಬರುವ ಅಕ್ರಿಲಿಕ್ ಸಿಮೆಂಟ್ ಕೋಟಿಂಗ್.

ಈ ಕೋಟಿಂಗ್ ಎರಡು ಕೈ ಬಳಿಯಲು ಚದರ ಮೀಟರಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಕೆಜಿ ಹಿಡಿಯುತ್ತದೆ. ನಿಖರ ಅಳತೆ ಪ್ಯಾಕಿನ ಮೇಲಿರುತ್ತದೆ. ನಮ್ಮ ಬಾತ್‌ರೂಮಿನಲ್ಲಿ ಸಂಕನ್ನಿನ ತಳ ಮತ್ತು ನಾಲ್ಕು ಬದಿ ಸೇರಿ ಸುಮಾರು 51 ಚದರಡಿ. ಸಂಕನ್ನನ್ನು ಭರ್ತಿ ಮಾಡಿದ ಮೇಲೆ ಎರಡನೇ ಪದರ ಬಳಿಯುವ ಮೇಲಿನ ನೆಲ, ಸುತ್ತ ಒಂದಡಿ ಗೋಡೆ, ಶವರ್ ಮೂಲೆಯಲ್ಲಿ 6 ಅಡಿ ಎತ್ತರ ಸೇರಿ 97ರ ಹತ್ತಿರ. ಒಟ್ಟು 150 ಚದರಡಿ, ಅಂದರೆ 14 ಚದರ ಮೀಟರ್. ಹಾಗಾದರೆ 21ರಿಂದ 28 ಕೆಜಿ ಖರ್ಚಾಗಲೇಬೇಕು. ಕೆಲಸ ಮುಗಿದಾಗ 15 ಕೆಜಿಯ ಒಂದೇ ಪ್ಯಾಕು ಖಾಲಿಯಾಗಿದ್ದರೆ, ನೋಡಲು ಎಷ್ಟೇ ನುಣುಪಾಗಿದ್ದರೂ ಪದರ ತೆಳುವಾಗಿದೆ. ಖಾಲಿ ಚೀಲಗಳನ್ನು ಎಸೆಯದೆ ಇಡಲು ಮೇಸ್ತ್ರಿಗೆ ಮೊದಲೇ ಹೇಳಿ.

## 1. ತಳದವರೆಗೆ ಬಿಚ್ಚಿ, ಕ್ಲೀನ್ ಮಾಡಿ

ಹಳೆ ಭರ್ತಿಯನ್ನೆಲ್ಲ ತೆಗೆದು ಮೋಲ್ಡಿನ ಕಾಂಕ್ರೀಟ್ ಕಾಣುವಂತಾಗಬೇಕು. ಸುತ್ತಿಗೆಯಿಂದ ತಟ್ಟಿದಾಗ ಡೊಳ್ಳು ಸದ್ದು ಬರುವ ಗಾರೆಯನ್ನು ಬಿಡಬೇಡಿ. ತಂತಿ ಬ್ರಷ್ಷಿನಿಂದ ಉಜ್ಜಿ, ದೂಳು ತೊಳೆದು, ಜಲ್ಲಿ ಎದ್ದು ಕಾಣುವ ಪೊಳ್ಳು ಜಾಗಗಳನ್ನು ತುಂಬಿ. ನೆಲ ಗೋಡೆ ಸೇರುವ ಮೂಲೆಯುದ್ದಕ್ಕೂ ಒಂದೂವರೆ ಎರಡು ಇಂಚಿನ ಇಳಿಜಾರು ಗಾರೆ ಕಟ್ಟಿ ಮೂಲೆಯನ್ನು ದುಂಡಗೆ ಮಾಡಿಸಿ. ಚೂಪು ಮೂಲೆಯಲ್ಲಿ ಕೋಟಿಂಗ್ ತೆಳುವಾಗಿ ಕೂತು ಅಲ್ಲೇ ಸೀಳುತ್ತದೆ.

## 2. ಗೋಡೆ ದಾಟುವ ಪೈಪುಗಳು

ಕೋಟಿಂಗಿಗೆ ಮುಂಚೆಯೇ ಎಲ್ಲ ತೂತು ಕೊರೆದಾಗಿರಬೇಕು, ಗೋಡೆ ದಾಟುವ ಪೈಪಿನ ತುಂಡುಗಳು ಕೂತಿರಬೇಕು. ಕೋಟಿಂಗ್ ಆದ ಮೇಲೆ ಪ್ಲಂಬರ್ ಬಂದು ‘ಸಾರ್, ಒಂದೇ ಒಂದು ತೂತು’ ಎಂದರೆ ಅಲ್ಲಿಗೆ ಆ ಕೆಲಸ ಕೆಟ್ಟಿತು ಎಂದೇ ಲೆಕ್ಕ.

ಸಿಮೆಂಟು ಪಿವಿಸಿಗೆ ಅಂಟುವುದಿಲ್ಲ. ಪೈಪಿನ ಮೈ ನುಣುಪು. ಜೊತೆಗೆ ಬಿಸಿನೀರು ಹರಿದಾಗ ಪಿವಿಸಿ ಕಾಂಕ್ರೀಟಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ತೂತಿನ ಸುತ್ತ ಬರೀ ಗಾರೆ ಮೆತ್ತಿದ್ದರೆ ಕೂದಲೆಳೆಯಷ್ಟು ಸಂದಿ ಬಿಟ್ಟುಕೊಳ್ಳುತ್ತದೆ. ಸೋರುವ ಬಾತ್‌ರೂಮುಗಳನ್ನು ಒಡೆದಾಗ ಮತ್ತೆ ಮತ್ತೆ ಕಾಣುವುದು ಇದೇ: ಪೈಪಿನ ಸುತ್ತ ಗಾರೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಅದು ಗಾರೆಯೊಳಗೆ ಸಲೀಸಾಗಿ ತಿರುಗುತ್ತದೆ.

ಹೀಗೆ ಮಾಡಿಸಿ. ಪೈಪಿನ ಸುತ್ತ ಒಂದು ಇಂಚು ಜಾಗ ಇರುವಂತೆ ತೂತನ್ನು ಅಗಲ ಮಾಡಿ. ಗೋಡೆಯೊಳಗೆ ಬರುವ ಪೈಪಿನ ಭಾಗವನ್ನು ಉಪ್ಪುಕಾಗದದಿಂದ ಒರಟು ಮಾಡಿ, ಸಾಲ್ವೆಂಟ್ ಸಿಮೆಂಟ್ ಬಳಿದು, ಅದು ಹಸಿಯಿರುವಾಗಲೇ ಒಣ ಮರಳು ಉದುರಿಸಿ. ಒಣಗಿದಾಗ ಪೈಪಿನ ಮೈ ದೋಸೆ ಕಲ್ಲಿನಷ್ಟು ನುಣುಪಿರದೆ ಮರಳು ಮರಳಾಗಿರುತ್ತದೆ, ಗ್ರೌಟ್ ಅದನ್ನು ಕಚ್ಚಿಕೊಳ್ಳುತ್ತದೆ. ಒಂದು ಕಡೆ ಹಲಗೆ ಒತ್ತಿಟ್ಟು ಕುಗ್ಗದ ಗ್ರೌಟನ್ನು ಪೊಳ್ಳಿಲ್ಲದಂತೆ ತುಂಬಿ. ಒಳಮುಖದಲ್ಲಿ ಪೈಪಿನ ಸುತ್ತ ಬೆರಳಗಲದ ಕಾಲುವೆ ಬಿಟ್ಟಿರಿ. ಗ್ರೌಟ್ ಗಟ್ಟಿಯಾಗಿ ಒಣಗಿದ ಮೇಲೆ ಆ ಕಾಲುವೆಗೆ ಪಿಯು ಸೀಲಂಟ್ ತುಂಬಿ. ಪೈಪು ಹಿಗ್ಗಿ ಕುಗ್ಗಿದಾಗ ಜೊತೆಗೆ ಎಳೆದುಕೊಂಡು ಬಾಳುವುದು ಈ ಸೀಲಂಟ್ ಮಾತ್ರ.

ಇದೇ ಹಂತದಲ್ಲಿ ಮೂರನೇ ಪೈಪೊಂದನ್ನು ಕೂರಿಸಿ. ಸಂಕನ್ನಿನ ತಳಕ್ಕೆ ಸಮನಾಗಿ, ಒಂದೂಕಾಲು ಇಂಚಿನ ಪೈಪು ಹೊರಗೋಡೆ ದಾಟಿ ಕಣ್ಣಿಗೆ ಕಾಣುವ ಜಾಗದಲ್ಲಿ ಬಾಯಿ ತೆರೆದಿರಲಿ. ಒಳಗಿನ ಬಾಯಿಗೆ ಜಾಲರಿ ಕಟ್ಟಿ. ಮೇಲಿನ ಪದರ ಎಂದಾದರೂ ಸೋರಿದರೆ ಸಂಕನ್ನಿನಲ್ಲಿ ನೀರು ಕೆರೆಯಾಗಿ ನಿಲ್ಲದೆ ಈ ಪೈಪಿನಿಂದ ತೊಟ್ಟಿಕ್ಕುತ್ತದೆ. ಕೆಳಮನೆ ಉಳಿಯುತ್ತದೆ, ನಿಮಗೂ ಸುದ್ದಿ ಮುಟ್ಟುತ್ತದೆ. ಈ ಪೈಪನ್ನು ಸ್ಯಾನಿಟರಿ ಲೈನಿಗೆ ಸೇರಿಸಬೇಡಿ. ಸೇರಿಸಿದರೆ ಸುದ್ದಿಯೂ ಮುಟ್ಟದು, ಗಬ್ಬು ವಾಸನೆ ಸಂಕನ್ನಿಗೆ ಏರುತ್ತದೆ.

## 3. ಕೆಳಪದರದ ಕೋಟಿಂಗ್

ನೆಲ ತೇವವಾಗಿರಬೇಕು, ನೀರು ಮಾತ್ರ ನಿಂತಿರಬಾರದು. ದ್ರಾವಣವನ್ನು ಬಕೆಟ್ಟಿಗೆ ಸುರಿದು, ಪುಡಿಯನ್ನು ಸ್ವಲ್ಪಸ್ವಲ್ಪ ಹಾಕುತ್ತಾ ಗಂಟಿಲ್ಲದಂತೆ ಡ್ರಿಲ್ಲಿನಿಂದ ಕಲಸಿ. ಅರ್ಧ ಗಂಟೆಯೊಳಗೆ ಬಳಿಯುವಷ್ಟನ್ನೇ ಕಲಸಿ. ಬಳಿಯಲು ಬಿಗಿಯಾಯಿತೆಂದು ಹುಡುಗರು ಒಂದು ಚೊಂಬು ನೀರು ಬೆರೆಸುವುದು ಎಲ್ಲ ಕಡೆ ನಡೆಯುತ್ತದೆ. ಹಾಗೆ ಮಾಡಿದರೆ ಒಣಗಿದ ಮೇಲೆ ಪದರ ರಬ್ಬರಿನಂತೆ ಬಾಗದು, ಉಗುರಿನಿಂದ ಕೆರೆದರೆ ಪುಡಿ ಏಳುತ್ತದೆ. ಪುಡಿ ಎದ್ದರೆ ಕೆರೆದು ತೆಗೆದು ಮತ್ತೆ ಬಳಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಮೊದಲ ಕೈ ಹಸಿಯಿರುವಾಗಲೇ ಮೂಲೆಗಳುದ್ದಕ್ಕೂ ಜಾಲರಿ ಪಟ್ಟಿ ಒತ್ತಿ. ಪೈಪಿನ ಸುತ್ತ ಹಾಕುವ ಜಾಲರಿ ತುಂಡಿನ ನಡುವೆ ಪೈಪಿನ ಅಳತೆಗಿಂತ ಚಿಕ್ಕದಾಗಿ ನಕ್ಷತ್ರದಂತೆ ಕತ್ತರಿಸಿ ಪೈಪಿಗೆ ತೂರಿಸಿ. ಸೀಳುಗಳು ಪೈಪಿನ ಮೈಮೇಲೆ ಎರಡು ಇಂಚು ಮಲಗಬೇಕು, ಉಳಿದದ್ದು ಗೋಡೆಗೆ ಅಂಟಬೇಕು. ಎರಡನೇ ಕೈಯನ್ನು ಮೊದಲನೆಯದು ಕೈಗೆ ಅಂಟದಷ್ಟು ಒಣಗಿದ ಮೇಲೆ, ಅಡ್ಡ ದಿಕ್ಕಿನಲ್ಲಿ ಬಳಿಯಿರಿ. ಪ್ಯಾಕಿನಲ್ಲಿ ಬೇರೆ ಹೇಳದಿದ್ದರೆ ಇದಕ್ಕೆ ನೀರು ಹಾಕಿ ಕ್ಯೂರಿಂಗ್ ಮಾಡುವಂತಿಲ್ಲ, ಗಾಳಿಗೇ ಒಣಗಬೇಕು.

## 4. ಮೊದಲ ಪಾಂಡಿಂಗ್ ಟೆಸ್ಟ್

ಕೋಟಿಂಗ್ ಪ್ಯಾಕಿನಲ್ಲಿ ಹೇಳಿದಷ್ಟು ದಿನ, ಸಾಮಾನ್ಯವಾಗಿ ಐದರಿಂದ ಏಳು ದಿನ, ಒಣಗಿದ ಮೇಲೆ ನೀರು ಕಟ್ಟಬೇಕು. ಮಾರನೇ ದಿನವೇ ಕಟ್ಟಿದರೆ ಹಸಿ ಪದರ ಎದ್ದು ಬರುತ್ತದೆ.

ಎಷ್ಟು ನೀರು ಎಂಬಲ್ಲಿ ಬಹಳ ಜನ ತಪ್ಪುತ್ತಾರೆ. ನೆಲ ಒದ್ದೆಯಾಗುವಷ್ಟು ಒಂದು ಇಂಚು ಕಟ್ಟಿ ರಾತ್ರಿ ಕಳೆದು ಪಾಸ್ ಎಂದುಬಿಡುತ್ತಾರೆ. ಪೈಪು ದಾಟುವ ತೂತುಗಳು ಅದಕ್ಕಿಂತ ಮೇಲಿರುತ್ತವೆ. ನಮ್ಮ ಲೆಕ್ಕದಲ್ಲಿ 4 ಇಂಚಿನ ಪೈಪಿನ ತಲೆ ತಳದಿಂದ 5 ಇಂಚಿನಷ್ಟು ಮೇಲಿದೆ, ಅದು ಮುಳುಗಲು 6 ಇಂಚು ನೀರು ಬೇಕು. ಅಂದರೆ 500 ಲೀಟರಿನ ಹತ್ತಿರ. ಟ್ಯಾಂಕರ್ ನೀರು ಕೊಳ್ಳುವವರಿಗೆ ಇದು ಕಷ್ಟದ ಮಾತು ಎಂದು ಗೊತ್ತು. ಟೆಸ್ಟ್ ಮುಗಿದ ಮೇಲೆ ಅದೇ ನೀರನ್ನು ಡ್ರಮ್ಮಿಗೆ ಎತ್ತಿ ಪ್ಲಾಸ್ಟರಿಂಗ್ ಕ್ಯೂರಿಂಗಿಗೆ ಬಳಸಿ. ಮೋಲ್ಡಿಗೆ ಭಾರವಾದೀತೆಂಬ ಭಯ ಬೇಡ. ಮುಂದೆ ಅಲ್ಲಿ ತುಂಬುವ ಇಟ್ಟಿಗೆ ಚೂರಿನ ಭರ್ತಿ ಇದಕ್ಕಿಂತ ಭಾರ.

ಮೂರೂ ಪೈಪಿಗೆ ರಬ್ಬರ್ ಪ್ಲಗ್ ಬಿಗಿದು ನೀರು ತುಂಬಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ, ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಹಾಕಿ. ನಮ್ಮ ಬೇಸಿಗೆಯಲ್ಲಿ ನೀರು ಆವಿಯಾಗಿಯೂ ಇಳಿಯುತ್ತದೆ. ಬಕೆಟ್ಟಿನಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಸೋರಿಕೆಯಲ್ಲ. 48 ಗಂಟೆ ಬಿಡಿ. ಕೆಳಮನೆಯ ಸೂರನ್ನೂ ಹೊರಗೋಡೆಯಲ್ಲಿ ಪೈಪು ಹೊರಬರುವ ಜಾಗವನ್ನೂ ಬೆಳಿಗ್ಗೆ ಸಂಜೆ ಕೈಯಿಂದ ಮುಟ್ಟಿ ನೋಡಿ. ಸಣ್ಣ ತೇವ ಕಣ್ಣಿಗಿಂತ ಮೊದಲು ಅಂಗೈಗೆ ತಣ್ಣಗೆ ತಾಗುತ್ತದೆ.

ಮಟ್ಟ ಬಕೆಟ್ಟಿಗಿಂತ ಹೆಚ್ಚು ಇಳಿದಿದೆ, ಎಲ್ಲೂ ತೇವ ಕಾಣುತ್ತಿಲ್ಲ ಎಂದಾದರೆ ಪ್ಲಗ್ಗೇ ಸೋರುತ್ತಿರಬಹುದು. ನೀರಿಗೆ ಬಟ್ಟೆಗೆ ಹಾಕುವ ನೀಲಿ ಒಂದಿಷ್ಟು ಬೆರೆಸಿ, ಹೊರಗಿನ ಛೇಂಬರ್ ತೆರೆದು ನೋಡಿ. ಅಲ್ಲಿ ನೀಲಿ ಕಂಡರೆ ಪ್ಲಗ್ ಬಿಗಿದು ಟೆಸ್ಟನ್ನು ಹೊಸದಾಗಿ ಶುರು ಮಾಡಿ.

ಮೇಸ್ತ್ರಿಯ ಹಣದಲ್ಲಿ ಒಂದು ಭಾಗವನ್ನು ಎರಡೂ ಟೆಸ್ಟ್ ಆಗುವವರೆಗೆ ಉಳಿಸಿಕೊಳ್ಳುವುದಾಗಿ ಕೆಲಸ ಒಪ್ಪುವಾಗಲೇ ಮಾತಾಡಿರಿ. ನಡುವೆ ಎತ್ತಿದರೆ ಜಗಳವಾಗುತ್ತದೆ.

## 5. ಭರ್ತಿ ಮತ್ತು ಟ್ರಾಪಿನ ಆಸರೆ

ನೀರು ತೆಗೆದ ದಿನವೇ ಕೋಟಿಂಗಿನ ಮೇಲೆ ಮುಕ್ಕಾಲು ಇಂಚು ಗಾರೆ ಹಾಸಿಸಿ. ಪ್ಲಂಬರ್ ಅದರ ಮೇಲೆ ನಿಂತು ಕೆಲಸ ಮಾಡಬೇಕೇ ಹೊರತು ಕೋಟಿಂಗಿನ ಮೇಲಲ್ಲ. ಒಳಗಿನ ಪೈಪು, ಟ್ರಾಪ್ ಜೋಡಿಸಿದ ಮೇಲೆ ಲೈನಿಗೆ ನೀರು ತುಂಬಿ ಜಾಯಿಂಟುಗಳನ್ನು ನೋಡಿ, ಆಮೇಲೆ ಭರ್ತಿ.

ಟ್ರಾಪ್ ಮತ್ತು ಪೈಪಿನ ಕೆಳಗೆ ಇಟ್ಟಿಗೆ ಕಟ್ಟಿ ಆಸರೆ ಕೊಡಿ. ಭರ್ತಿ ಕಾಲಕ್ರಮದಲ್ಲಿ ಕುಸಿಯುತ್ತದೆ. ಆಸರೆಯಿಲ್ಲದ ಟ್ರಾಪ್ ಅದರ ಜೊತೆ ಕೆಳಗಿಳಿದು ಕುತ್ತಿಗೆಯ ಹತ್ತಿರ ಬಿರುಕು ಬಿಡುತ್ತದೆ. ಒಡೆದ ಟೈಲ್ಸ್ ಚೂರನ್ನು ಭರ್ತಿಗೆ ಹಾಕಲು ಬಿಡಬೇಡಿ, ಅದರ ಅಂಚು ಪದರವನ್ನು ಕೊಯ್ಯುತ್ತದೆ.

## 6. ಮೇಲ್ಪದರ ಮತ್ತು ಟ್ರಾಪಿನ ಬಾಯಿ

ಭರ್ತಿಯ ಮೇಲೆ ಗಾರೆ ಹಾಕಿ, ಅದರ ಮೇಲೆ ಮೇಲ್ಪದರದ ಕೋಟಿಂಗ್ ಬಳಿಯಬೇಕು. ಆ ಗಾರೆಗೇ ವಾಟ ಕೊಡಬೇಕು. ಗಾರೆ ಸಮತಟ್ಟಾಗಿದ್ದು ಟೈಲ್ಸ್ ಕೂರಿಸುವಾಗ ಮಾತ್ರ ವಾಟ ಕೊಟ್ಟರೆ ಮೇಲಿನ ನೀರು ಹರಿಯುತ್ತದೆ, ಒಳಗಿನ ನೀರು ಅಲ್ಲೇ ನಿಲ್ಲುತ್ತದೆ. 80ಕ್ಕೆ 1ರ ವಾಟ ಸಾಕು. ನಮ್ಮಲ್ಲಿ ಬಾಗಿಲಿನಿಂದ ಟ್ರಾಪಿಗೆ 6 ಅಡಿ, ಅಂದರೆ ಒಂದು ಇಂಚಿಗೆ ಸ್ವಲ್ಪ ಕಡಿಮೆ ಇಳಿತ.

ಈಗ ಟ್ರಾಪಿನ ಬಾಯಿ. ವಾಡಿಕೆಯಲ್ಲಿ ಟ್ರಾಪಿನ ಮೇಲಿನ ಕೊಳವೆಯನ್ನು ಟೈಲ್ಸ್ ಮಟ್ಟದವರೆಗೆ ಎತ್ತಿ, ಕೋಟಿಂಗನ್ನು ಅದರ ಹೊರಮೈಗೆ ಬಳಿದು ನಿಲ್ಲಿಸುತ್ತಾರೆ. ಆಗ ಟೈಲ್ಸ್ ಕೆಳಗೆ ಇಳಿದ ನೀರು ವಾಟದಲ್ಲಿ ಹರಿದು ಟ್ರಾಪಿನ ಪಕ್ಕಕ್ಕೇ ಬರುತ್ತದೆ, ಆದರೆ ಒಳಗೆ ಹೋಗಲು ದಾರಿಯಿಲ್ಲ. ಕೊಳವೆಯ ಸುತ್ತ ಸದಾ ನಿಂತು, ನುಣುಪು ಪಿವಿಸಿಯ ಗುಂಟ ಕೆಳಗಿಳಿಯುತ್ತದೆ. ಕಲೆ ಟ್ರಾಪಿನ ನೇರ ಕೆಳಗೇ ಮೂಡುವುದು ಇದರಿಂದ.

ಸರಿಯಾದ ಕ್ರಮ ಹೀಗಿದೆ. ಕೊಳವೆಯನ್ನು ಗಾರೆಯ ಮಟ್ಟಕ್ಕೆ ಕತ್ತರಿಸಿ. ಸುತ್ತ ಕಾಲುವೆ ಬಿಟ್ಟು ಸೀಲಂಟ್ ತುಂಬಿ. ಕೊಳವೆಯ ಒಳಮೈಯನ್ನು ಒಂದೆರಡು ಇಂಚು ಆಳದವರೆಗೆ ಉಪ್ಪುಕಾಗದದಿಂದ ಒರಟು ಮಾಡಿ, ಜಾಲರಿ ಸಮೇತ ಕೋಟಿಂಗನ್ನು ಅಂಚಿನ ಮೇಲಿಂದ ಒಳಕ್ಕೆ ಇಳಿಸಿ. ಟೈಲ್ಸ್ ಮಟ್ಟದವರೆಗಿನ ಎತ್ತರಕ್ಕೆ ಸುತ್ತ ಸಣ್ಣ ತೂತು ಕೊರೆದ ಬಿಡಿ ಬಳೆಯೊಂದನ್ನು ಇಟ್ಟು, ಅದರ ಸುತ್ತ ಬೆರಳಗಲ ಸಣ್ಣ ಜಲ್ಲಿ ತುಂಬಿ. ಟೈಲ್ಸ್ ಮೇಲಿನ ನೀರು ಜಾಲಿಯಿಂದ, ಕೆಳಗಿನ ನೀರು ಬಳೆಯ ತೂತುಗಳಿಂದ ಒಂದೇ ಟ್ರಾಪಿಗೆ ಬೀಳುತ್ತದೆ. ಟೈಲ್ಸ್ ಕೂರಿಸುವಾಗ ಆ ತೂತುಗಳಿಗೆ ಗಾರೆ ಮೆತ್ತದಂತೆ ನೀವೇ ನಿಂತು ನೋಡಿ.

ಬಾಗಿಲಿನ ಹೊಸ್ತಿಲಲ್ಲಿ ಕೋಟಿಂಗ್ ಕಲ್ಲಿನ ಕೆಳಗೆ ಸಾಗಿ ಮೇಲಕ್ಕೆ ಮಡಚಿಕೊಂಡಿರಲಿ. ಅಲ್ಲಿ ತಪ್ಪಿದರೆ ರೂಮಿನ ಟೈಲ್ಸ್ ಅಂಚು ಕಪ್ಪಾಗುತ್ತದೆ, ಬಾಗಿಲ ಚೌಕಟ್ಟಿನ ಬುಡ ಕೊಳೆಯುತ್ತದೆ.

## 7. ಎರಡನೇ ಪಾಂಡಿಂಗ್ ಟೆಸ್ಟ್

ಮೇಲ್ಪದರ ಒಣಗಿದ ಮೇಲೆ ಬಾಗಿಲಿಗೆ ಇಟ್ಟಿಗೆ ಗಾರೆಯ ತಡೆ ಕಟ್ಟಿ, ಬಾಗಿಲ ಬಳಿ ಒಂದು ಇಂಚು, ಟ್ರಾಪಿನ ಬಳಿ ಎರಡು ಇಂಚು ಬರುವಂತೆ ನೀಲಿ ಬೆರೆಸಿದ ನೀರು ಕಟ್ಟಿ. ಸುಮಾರು 125 ಲೀಟರ್ ಸಾಕು. ಪ್ಲಗ್ಗನ್ನು ಕೋಟಿಂಗ್ ಮುಗಿಯುವ ಅಂಚಿಗಿಂತ ಕೆಳಗೆ, ಕೊಳವೆಯ ಒಳಗೆ ಬಿಗಿಯಬೇಕು. ಜಾಲಿ ಮಟ್ಟದಲ್ಲಿ ಬಟ್ಟೆ ತುರುಕಿ ನೀರು ಕಟ್ಟಿದರೆ ನೀವು ಪರೀಕ್ಷಿಸಬೇಕಾದ ಆ ಕೂಡುಜಾಗಕ್ಕೆ ನೀರೇ ತಾಗುವುದಿಲ್ಲ.

ಈ ಸಲ ಸಂಕನ್ನಿನ ಒಂದೂಕಾಲು ಇಂಚಿನ ಪೈಪನ್ನು ತೆರೆದೇ ಇಡಿ. ಭರ್ತಿಯಲ್ಲಿ ಉಳಿದ ಗಾರೆ ನೀರು ಮೊದಲೇ ಬಸಿದು ನಿಂತಿರಬೇಕು. ನಿಲ್ಲುವವರೆಗೆ ಕಾದು ನಂತರ ಟೆಸ್ಟ್ ಶುರು ಮಾಡಿ. 48 ಗಂಟೆಯಲ್ಲಿ ಅಲ್ಲಿಂದ ನೀಲಿ ನೀರು ತೊಟ್ಟಿಕ್ಕಿದರೆ ಮೇಲ್ಪದರ ಸೋರುತ್ತಿದೆ ಎಂದರ್ಥ, ಕೆಳಗಿನ ಸೂರು ಒಣಗಿದ್ದರೂ ಸರಿ. ಹಾಗಾದಾಗ ನೀರನ್ನು ಟ್ರಾಪಿನ ಸುತ್ತ ಮಾತ್ರ ಉಳಿಯುವಂತೆ ಇಳಿಸಿ ನೋಡಿ. ಆಗಲೂ ತೊಟ್ಟಿಕ್ಕುತ್ತಿದ್ದರೆ ತಪ್ಪು ಟ್ರಾಪಿನ ಬಾಯಲ್ಲಿದೆ, ನಿಂತುಹೋದರೆ ಮೂಲೆ ಅಥವಾ ಹೊಸ್ತಿಲಿನಲ್ಲಿದೆ. ಇಡೀ ನೆಲ ಒಡೆಯದೆ ಆ ಜಾಗವನ್ನಷ್ಟೇ ಸರಿಮಾಡಿ, ಮತ್ತೆ 48 ಗಂಟೆ ನೀರು ಕಟ್ಟಿ.

## 8. ಟೈಲ್ಸ್ ಮತ್ತು ಕಮೋಡ್

ಟೈಲ್ಸನ್ನು ಒಣ ಸಿಮೆಂಟ್ ಮರಳಿನ ದಪ್ಪ ಹಾಸಿನ ಮೇಲೆ ಕೂರಿಸಿದರೆ ಆ ಹಾಸು ನೀರು ಹೀರಿ ಹಿಡಿದಿಡುತ್ತದೆ. ಟೈಲ್ಸ್ ಅಂಟನ್ನು ತೆಳುವಾಗಿ, ಪೊಳ್ಳು ಬಿಡದಂತೆ ಪೂರ್ತಿ ಹಚ್ಚಿ ಕೂರಿಸಿ. ಶವರ್ ಜಾಗಕ್ಕೆ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಗಡಸು ನೀರಿನ ಕಲೆ ತೆಗೆಯುವಾಗ ಸಂದಿ ಕರಗುವ ತೊಂದರೆ ಕಡಿಮೆ. ಆದರೂ ಆಸಿಡ್ ಬೇಡ. ಅದು ಜಾಲಿಯ ಸುತ್ತ ಇಳಿದು ಕೆಳಗಿನ ಗಾರೆಯನ್ನೂ ತಿನ್ನುತ್ತದೆ.

ಕೊನೆಗೆ ಕಮೋಡ್. ನೆಲಕ್ಕೆ ಕೂರುವ ಕಮೋಡಿನ ಬುಡಕ್ಕೆ ನಾಲ್ಕು ತೂತು ಕೊರೆದು ಬೋಲ್ಟ್ ಹಾಕುವುದು ಪ್ಲಂಬರ್‌ಗಳ ರೂಢಿ. ಎರಡು ಇಂಚು ಉದ್ದದ ಡ್ರಿಲ್ ಬಿಟ್ ಟೈಲ್ಸ್, ಅಂಟು ಎಲ್ಲ ದಾಟಿ ಮೇಲ್ಪದರವನ್ನು ತೂತು ಮಾಡಿಯೇ ನಿಲ್ಲುತ್ತದೆ. ಕಮೋಡ್ ಕೂರಿಸುವ ದಿನ ಮನೆಯಲ್ಲಿರಿ. ಬುಡದ ಸುತ್ತ ಸಿಲಿಕಾನ್ ಹಚ್ಚಿ ಕೂರಿಸಲು ಹೇಳಿ. ಬೋಲ್ಟ್ ಬೇಕೇಬೇಕು ಎಂದರೆ ಬಿಟ್ಟಿಗೆ ಟೈಲ್ಸ್ ಮತ್ತು ಅಂಟಿನ ದಪ್ಪಕ್ಕಿಂತ ಸ್ವಲ್ಪ ಹಿಂದೆಯೇ ಟೇಪ್ ಸುತ್ತಿ ಗುರುತು ಮಾಡಿಕೊಟ್ಟು, ಅದಕ್ಕಿಂತ ಆಳಕ್ಕೆ ಇಳಿಯದಂತೆ ನಿಂತು ಕೊರೆಸಿ, ತೂತಿಗೆ ಪಿಯು ಸೀಲಂಟ್ ತುಂಬಿದ ಮೇಲೆಯೇ ಬೋಲ್ಟ್ ತಿರುಗಿಸಲು ಬಿಡಿ.